ಬೆಳಕಿನ ಕಿರು ಉತ್ತರ ಬರೆಯುವುದು ಹೇಗೆ? ‘ಎರಡನೇ ಮುಖ’ ನೋಡಿ

ಕಾಮನಬಿಲ್ಲು ಹೇಗೆ ಮೂಡುತ್ತದೆ ಎಂಬ ಎರಡು ಅಂಕದ ಪ್ರಶ್ನೆಗೆ ಮಕ್ಕಳು ಬರೆದ ಉತ್ತರ ತಿದ್ದುವಾಗ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಹನಿಯೊಳಗೆ ಹೋದ ಬೆಳಕು ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಹೊರಬರುತ್ತದೆ.’ ಇದರಲ್ಲಿ ‘ಪೂರ್ಣ’ ಎಂಬ ಪದ ತಪ್ಪು. ಹತ್ತನೆಯ ತರಗತಿಯ ಪಠ್ಯ ಹೇಳುವುದು ‘ಆಂತರಿಕ ಪ್ರತಿಫಲನ’ ಎಂದಷ್ಟೇ. ಆದರೂ ಆ ಪದ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ಕೆಲವು ಪುಸ್ತಕಗಳಲ್ಲೂ ಹಾಗೇ ಅಚ್ಚಾಗಿದೆ. ಅದು ಏಕೆ ತಪ್ಪು ಎಂದು ಒಮ್ಮೆ ಚಿತ್ರ ಬರೆದು ನೋಡಿದರೆ ಪ್ರಿಸಂ, ಕಾಮನಬಿಲ್ಲು, ಪೂರ್ಣ ಆಂತರಿಕ ಪ್ರತಿಫಲನ ಮೂರಕ್ಕೂ ಉತ್ತರ ತಾನಾಗಿ ಸಿಗುತ್ತದೆ. ಮೂರರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಹೋದ ಕಿರಣ ಎರಡನೇ ಮುಖಕ್ಕೆ ಎಷ್ಟು ಕೋನದಲ್ಲಿ ಬಡಿಯುತ್ತದೆ?

ಮೊದಲು ಗಾಜಿನ ಚಪ್ಪಡಿ, ಆಮೇಲೆ ಪ್ರಿಸಂ

‘ಬಿಳಿ ಬೆಳಕು ಪ್ರಿಸಂನಲ್ಲಿ ಬಣ್ಣಗಳಾಗಿ ಒಡೆಯುತ್ತದೆ, ಆಯತಾಕಾರದ ಗಾಜಿನ ಚಪ್ಪಡಿಯಲ್ಲಿ ಏಕೆ ಕಾಣುವುದಿಲ್ಲ?’ ಈ ಪ್ರಶ್ನೆಗೆ ‘ಬೇರೆ ಬೇರೆ ಬಣ್ಣ ಬೇರೆ ಬೇರೆ ಕೋನದಲ್ಲಿ ಬಾಗುತ್ತದೆ’ ಎಂದಷ್ಟೇ ಬರೆದರೆ ಅರ್ಧ ಉತ್ತರ. ಚಪ್ಪಡಿಯ ಮೊದಲ ಮುಖದಲ್ಲೂ ಅದೇ ಆಗುತ್ತದಲ್ಲ! ಗಾಜಿನೊಳಗೆ ನೇರಳೆಯ ವೇಗ ಕೆಂಪಿನದಕ್ಕಿಂತ ಕಡಿಮೆ, ಆದ್ದರಿಂದ ನೇರಳೆ ಹೆಚ್ಚು ಬಾಗುತ್ತದೆ. ಇದು ಗಾಜಿನ ಗುಣ, ಆಕಾರದ್ದಲ್ಲ.

ವ್ಯತ್ಯಾಸ ಆಗುವುದು ಎರಡನೇ ಮುಖದಲ್ಲಿ. ಚಪ್ಪಡಿಯ ಎರಡು ಮುಖಗಳು ಸಮಾಂತರ. ಹೀಗಾಗಿ ಮೊದಲ ಮುಖದಲ್ಲಿ ಪ್ರತಿ ಬಣ್ಣ ಎಷ್ಟು ಬಾಗಿತ್ತೋ ಎರಡನೆಯದರಲ್ಲಿ ಅಷ್ಟೇ ಹಿಂದಕ್ಕೆ ಬಾಗಿ, ಎಲ್ಲವೂ ಒಂದೇ ದಿಕ್ಕಿನಲ್ಲಿ ಹೊರಬರುತ್ತವೆ. ಬಣ್ಣಗಳು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಒಂದರ ಮೇಲೊಂದು ಬಿದ್ದು ಬಿಳಿಯಾಗಿಯೇ ಕಾಣುತ್ತವೆ. ಪ್ರಿಸಂನ ಮುಖಗಳು ಓರೆ. ಅಲ್ಲಿ ಎರಡನೇ ಮುಖ ಹಿಂದಿನ ಬಾಗುವಿಕೆಯನ್ನು ಅಳಿಸುವ ಬದಲು, ಅದೇ ಕಡೆಗೆ, ಅಂದರೆ ಪಾದದ ಕಡೆಗೆ, ಇನ್ನಷ್ಟು ಬಾಗಿಸುತ್ತದೆ. ಉತ್ತರದಲ್ಲಿ ‘ಮುಖಗಳು ಸಮಾಂತರವಾಗಿಲ್ಲ’ ಎಂಬ ಮಾತು ಬರಲೇಬೇಕು.

ಬೇರ್ಪಡುವಿಕೆ ಎಷ್ಟು ಎಂಬುದೂ ಗೊತ್ತಿರಲಿ. 60 ಡಿಗ್ರಿ ಕೋನದ ಸಾಧಾರಣ ಕ್ರೌನ್ ಗಾಜಿನ ಪ್ರಿಸಂ ಕೆಂಪನ್ನು ಸುಮಾರು 38.4 ಡಿಗ್ರಿ, ನೇರಳೆಯನ್ನು ಸುಮಾರು 39.8 ಡಿಗ್ರಿ ತಿರುಗಿಸುತ್ತದೆ. ಎರಡರ ಅಂತರ ಒಂದೂವರೆ ಡಿಗ್ರಿಯೂ ಇಲ್ಲ. ಮೂರು ಮೀಟರ್ ದೂರದ ಗೋಡೆಯಲ್ಲಿ ಅದು ಸುಮಾರು 7 ಸೆಂಟಿಮೀಟರ್ ಅಗಲದ ಪಟ್ಟಿ. ಪ್ರಿಸಂಗೆ ಅಂಟಿಕೊಂಡಂತೆ ಕಾಗದ ಹಿಡಿದು ‘ಬಣ್ಣ ಬರಲಿಲ್ಲ’ ಎನ್ನುವವರು ದೂರ ಹೆಚ್ಚಿಸಬೇಕು, ಬೆಳಕನ್ನು ಕಿರಿದಾದ ಸೀಳಿನಿಂದ ಬಿಡಬೇಕು. ಬೆಳಕಿನ ಪಟ್ಟೆ ಅಗಲವಾಗಿದ್ದರೆ ನಡುವೆ ಬಿಳಿ ಉಳಿದು ಅಂಚುಗಳಲ್ಲಿ ಮಾತ್ರ ಬಣ್ಣ ಕಾಣುತ್ತದೆ.

ಈಗ ಹನಿಯ ಚಿತ್ರ

ಕೈವಾರದಿಂದ 5 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಇದೇ ನೀರಿನ ಹನಿ, ಕೇಂದ್ರ O. ಕೇಂದ್ರದ ಮೂಲಕ ಒಂದು ಅಡ್ಡ ಗೆರೆ ಹಾಕಿ, ಅದಕ್ಕಿಂತ 4.3 ಸೆಂಟಿಮೀಟರ್ ಮೇಲೆ ಸೂರ್ಯನ ಕಿರಣವನ್ನು ಸಮಾಂತರವಾಗಿ ತನ್ನಿ. ಅದು ಹನಿಯನ್ನು ಮುಟ್ಟುವ ಬಿಂದು A. ಅಲ್ಲಿಗೆ ಲಂಬವೆಂದರೆ OA ಗೆರೆಯೇ. ಪತನ ಕೋನ i, ಒಳಗೆ ಬಾಗಿದ ಕಿರಣದ ವಕ್ರೀಭವನ ಕೋನ r ಎರಡನ್ನೂ ಲೆಕ್ಕ ಹಾಕೋಣ. ನೀರಿನ ವಕ್ರೀಭವನ ಸೂಚ್ಯಂಕ 1.333:

sin i = 4.3 / 5 = 0.86, i ≈ 59.3°
sin r = 0.86 / 1.333 = 0.645, r ≈ 40.2°

ಕೋನಮಾಪಕ ಇಟ್ಟು 40 ಡಿಗ್ರಿಗೆ ಒಳಕಿರಣ ಎಳೆಯಿರಿ. ಅದು ಹಿಂಬದಿಯಲ್ಲಿ B ಎಂಬಲ್ಲಿ ಮುಟ್ಟುತ್ತದೆ. ಈಗ OAB ತ್ರಿಭುಜ ನೋಡಿ. OA, OB ಎರಡೂ ತ್ರಿಜ್ಯಗಳು, ಆದ್ದರಿಂದ ಅದು ಸಮದ್ವಿಬಾಹು. A ಬಳಿಯ ಕೋನ 40.2 ಡಿಗ್ರಿ ಆದರೆ B ಬಳಿಯದೂ 40.2 ಡಿಗ್ರಿಯೇ. ನೀರಿನಿಂದ ಗಾಳಿಗೆ ಕ್ರಾಂತಿಕ ಕೋನ, ಅಂದರೆ ದಾಟಿದರೆ ಬೆಳಕು ಹೊರಹೋಗದೆ ಪೂರ್ತಿ ಹಿಂದಿರುಗುವ ಕೋನ, 48.6 ಡಿಗ್ರಿ. ನಮ್ಮ ಕಿರಣ ಅದಕ್ಕಿಂತ ಕಡಿಮೆ ಕೋನದಲ್ಲಿ ಬಡಿದಿದೆ. ಹಾಗಾಗಿ ಪೂರ್ಣ ಪ್ರತಿಫಲನ ಆಗಲಾರದು.

ಕಿರಣವನ್ನು ಇನ್ನೂ ಮೇಲೆ, ಹನಿಯ ಅಂಚಿಗೇ ಒಯ್ದರೆ? i ಹೆಚ್ಚೆಂದರೆ 90 ಡಿಗ್ರಿ ಸಮೀಪಿಸೀತು. ಆಗ r ಸಮೀಪಿಸುವುದು 48.6 ಡಿಗ್ರಿಯನ್ನೇ, ದಾಟುವುದಿಲ್ಲ. ಗೋಲಾಕಾರದ ಹನಿಯೊಳಗೆ ಹೊರಗಿನಿಂದ ಬಂದ ಯಾವ ಕಿರಣವೂ ಪೂರ್ಣ ಆಂತರಿಕ ಪ್ರತಿಫಲನ ಹೊಂದುವುದಿಲ್ಲ. ಒಳಗೆ ಬರಲು ದಾರಿ ಸಿಕ್ಕ ಕೋನದಲ್ಲೇ ಹೊರಹೋಗಲೂ ದಾರಿ ಸಿಗುತ್ತದೆ. ಚಪ್ಪಡಿಯ ಎದುರು ಮುಖದಲ್ಲಿ ನಡೆಯುವುದೂ ಇದೇ.

ವಾಸ್ತವದಲ್ಲಿ ಕಾಮನಬಿಲ್ಲಿನ ಕಿರಣದ ಸುಮಾರು ಶೇ 94 ಭಾಗ B ಬಳಿ ಹೊರಟೇಹೋಗುತ್ತದೆ. ಹಿಂದಿರುಗುವುದು ಶೇ 6ರಷ್ಟು ಮಾತ್ರ. ನಾವು ಅಷ್ಟು ಹಿಗ್ಗಿನಿಂದ ನೋಡುವ ಬಿಲ್ಲು ಆ ಚೂರು ಬೆಳಕಿನದು! ಪೋಲರಾಯ್ಡ್ ಕಪ್ಪು ಕನ್ನಡಕವಿದ್ದರೆ ಪರೀಕ್ಷಿಸಬಹುದು. ಬಿಲ್ಲಿನ ತುದಿಯನ್ನು ಅದರ ಮೂಲಕ ನೋಡುತ್ತ ಕನ್ನಡಕವನ್ನು ನಿಧಾನಕ್ಕೆ ತಿರುಗಿಸಿದರೆ ಒಂದು ಸ್ಥಾನದಲ್ಲಿ ಬಣ್ಣಗಳು ಹೆಚ್ಚುಕಡಿಮೆ ಮಾಯವಾಗುತ್ತವೆ. ಪೂರ್ಣ ಪ್ರತಿಫಲನವಾಗಿದ್ದರೆ ಬೆಳಕಿನ ಎಲ್ಲ ಕಂಪನ ದಿಕ್ಕುಗಳೂ ಸಮನಾಗಿ ಹಿಂದಿರುಗಿ, ಹೀಗೆ ಮಾಯವಾಗುತ್ತಿರಲಿಲ್ಲ.

ಚಿತ್ರವನ್ನು ಮುಂದುವರಿಸಿ. B ಇಂದ ಅದೇ ಕೋನದಲ್ಲಿ ಹಿಂದಿರುಗಿದ ಕಿರಣ C ಬಳಿ ಮತ್ತೆ ವಕ್ರೀಭವಿಸಿ ಹೊರಬರುತ್ತದೆ. ಬಂದ ದಿಕ್ಕಿಗೂ ಹೊರಟ ದಿಕ್ಕಿಗೂ ನಡುವಿನ ಕೋನ ಕೆಂಪಿಗೆ ಸುಮಾರು 42 ಡಿಗ್ರಿ, ನೇರಳೆಗೆ ಸುಮಾರು 40 ಡಿಗ್ರಿ.

ಇಲ್ಲೇ ಇನ್ನೊಂದು ಗೊಂದಲ ಹುಟ್ಟುತ್ತದೆ. ಒಂದು ಹನಿಯ ಚಿತ್ರದಲ್ಲಿ ಹೊರಬರುವ ನೇರಳೆ ಮೇಲಿದೆ, ಕೆಂಪು ಕೆಳಗಿದೆ. ಆಕಾಶದಲ್ಲಿ ಮಾತ್ರ ಕೆಂಪು ಮೇಲೆ. ಎರಡೂ ಸರಿಯೇ. ಒಂದು ಹನಿಯ ಎಲ್ಲ ಬಣ್ಣಗಳೂ ನಮ್ಮ ಕಣ್ಣಿಗೆ ಬರುವುದಿಲ್ಲ. ಎತ್ತರದ ಹನಿಗಳಿಂದ ಕಡಿದಾಗಿ ಇಳಿಯುವ ಕೆಂಪು ಕಣ್ಣಿಗೆ ಬೀಳುತ್ತದೆ, ಅವುಗಳ ನೇರಳೆ ತಲೆಯ ಮೇಲಿಂದ ಹಾದುಹೋಗುತ್ತದೆ. ತುಸು ಕೆಳಗಿನ ಹನಿಗಳಿಂದ ನೇರಳೆ ಬರುತ್ತದೆ.

ಇದೇ 42 ಡಿಗ್ರಿಯಿಂದ ಸಂಜೆಯ ಬಿಲ್ಲು ಪೂರ್ವದಲ್ಲೇ ಏಕೆ, ನಡುಮಧ್ಯಾಹ್ನ ಏಕಿಲ್ಲ ಎಂಬುದಕ್ಕೂ ಉತ್ತರ ಸಿಗುತ್ತದೆ. ಸೂರ್ಯ ಬೆನ್ನ ಹಿಂದಿರಬೇಕು. ಅವನು 42 ಡಿಗ್ರಿಗಿಂತ ಮೇಲೇರಿದರೆ ಇಡೀ ಬಿಲ್ಲು ದಿಗಂತದ ಕೆಳಗೆ ಹೋಗುತ್ತದೆ.

ಹಾಗಾದರೆ ಪೂರ್ಣ ಪ್ರತಿಫಲನ ಎಲ್ಲಿ?

ಮತ್ತೆ ಪ್ರಿಸಂಗೆ ಬನ್ನಿ. ಅಲ್ಲಿ ಎರಡನೇ ಮುಖದ ಕೋನ ಮೊದಲನೆಯದಕ್ಕೆ ಸಮನಾಗಿರಬೇಕಿಲ್ಲ. 90, 45, 45 ಡಿಗ್ರಿಯ ಗಾಜಿನ ಪ್ರಿಸಂನ ಒಂದು ಚಿಕ್ಕ ಮುಖಕ್ಕೆ ಲಂಬವಾಗಿ ಬಂದ ಕಿರಣ ಬಾಗದೆ ಒಳಹೋಗುತ್ತದೆ. ಓರೆ ಮುಖಕ್ಕೆ ಬಡಿಯುವುದು 45 ಡಿಗ್ರಿಯಲ್ಲಿ. ಗಾಜಿನ ವಕ್ರೀಭವನ ಸೂಚ್ಯಂಕ 1.5 ಆದರೆ ಕ್ರಾಂತಿಕ ಕೋನ 41.8 ಡಿಗ್ರಿ. ಇಲ್ಲಿ ಕಿರಣ ಅದನ್ನು ದಾಟಿದೆ, ಒಂದಿಷ್ಟೂ ಹೊರಹೋಗದೆ ಪೂರ್ತಿ ಹಿಂದಿರುಗಿ 90 ಡಿಗ್ರಿ ತಿರುಗುತ್ತದೆ. ಬೈನಾಕ್ಯುಲರ್‌ಗಳಲ್ಲಿ ಇಂಥ ಪ್ರಿಸಂ ಇಡುವುದು ಇದಕ್ಕಾಗಿಯೇ. ಅದೇ ಓರೆ ಮುಖವನ್ನು ನೀರಿಗೆ ತಾಗಿಸಿದರೆ ಕ್ರಾಂತಿಕ ಕೋನ ಸುಮಾರು 63 ಡಿಗ್ರಿಗೆ ಏರಿ, ಬೆಳಕಿನ ಬಹುಪಾಲು ನೀರಿಗೆ ಇಳಿದುಬಿಡುತ್ತದೆ.

ಷರತ್ತುಗಳನ್ನು ಬರೆಯುವಾಗ ಎರಡನ್ನೂ ಬರೆಯಿರಿ: ಬೆಳಕು ಸಾಂದ್ರ ಮಾಧ್ಯಮದಿಂದ ವಿರಳ ಮಾಧ್ಯಮದ ಕಡೆಗೆ ಹೋಗುತ್ತಿರಬೇಕು, ಪತನ ಕೋನ ಕ್ರಾಂತಿಕ ಕೋನಕ್ಕಿಂತ ಹೆಚ್ಚಿರಬೇಕು. ಹನಿಯ ಹಿಂಬದಿ ಮೊದಲನೆಯದನ್ನು ಪೂರೈಸುತ್ತದೆ, ಎರಡನೆಯದನ್ನಲ್ಲ.

ಇಷ್ಟಾದ ಮೇಲೆ ಆ ಎರಡು ಅಂಕದ ಉತ್ತರ ಹೀಗಿರಲಿ: ‘ಸೂರ್ಯನ ಬೆಳಕು ಗಾಳಿಯಲ್ಲಿ ತೇಲುವ ನೀರಿನ ಹನಿಯನ್ನು ಪ್ರವೇಶಿಸುವಾಗ ವಕ್ರೀಭವಿಸಿ ಬಣ್ಣಗಳಾಗಿ ವಿಭಜಿಸುತ್ತದೆ. ಹನಿಯ ಹಿಂಬದಿಯಲ್ಲಿ ಅದರ ಒಂದು ಭಾಗ ಆಂತರಿಕವಾಗಿ ಪ್ರತಿಫಲಿಸಿ, ಹೊರಬರುವಾಗ ಮತ್ತೆ ವಕ್ರೀಭವಿಸುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತವರಿಗೆ ಇದು ಕಾಮನಬಿಲ್ಲಾಗಿ ಕಾಣುತ್ತದೆ.’ ಪಕ್ಕದಲ್ಲಿ A, B, C ಗುರುತಿಸಿದ ಚಿತ್ರವಿರಲಿ, ಕಿರಣಗಳಿಗೆ ಬಾಣದ ಗುರುತು ಹಾಕಿರಲಿ.