15 ಕಿಲೋವ್ಯಾಟ್ ಮೋಟಾರ್ ಎಷ್ಟು ಆಂಪ್ ಎಳೆಯುತ್ತದೆ?

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳಲ್ಲಿ 20 ಎಚ್‌ಪಿ, ಅಂದರೆ 15 ಕಿಲೋವ್ಯಾಟ್‌ನ ಮೂರು ಫೇಸ್ ಮೋಟಾರ್ ಸಾಮಾನ್ಯ. ಅದರ ನೇಮ್ ಪ್ಲೇಟ್ ಮೇಲೆ ಫುಲ್ ಲೋಡ್ ಆಂಪ್ ಅಚ್ಚಾಗಿರುತ್ತದೆ. ಓದಲು ಬಂದರೆ ಅದನ್ನೇ ನಂಬಿ. ಆದರೆ ಪ್ಲೇಟ್ ಮೇಲೆ ಪೇಂಟ್ ಬಳಿದಿದ್ದರೆ, ಇಲ್ಲವೇ ಮೋಟಾರ್ ಬರುವ ಮೊದಲೇ ಕೇಬಲ್ ತರಬೇಕಿದ್ದರೆ, ಲೆಕ್ಕ ಹಾಕಲೇಬೇಕು.

ಲೆಕ್ಕಕ್ಕೆ ಮುಂಚೆ ಒಂದು ಮಾತು ತಿಳಿದಿರಲಿ. ಪ್ಲೇಟ್ ಮೇಲಿನ ಕಿಲೋವ್ಯಾಟ್ ಎಂದರೆ ಮೋಟಾರ್ ಶಾಫ್ಟ್‌ನಲ್ಲಿ ಕೊಡುವ ಶಕ್ತಿ, ಲೈನಿನಿಂದ ತೆಗೆದುಕೊಳ್ಳುವುದಲ್ಲ. ವೈಂಡಿಂಗ್ ಬಿಸಿಯಾಗುವುದರಲ್ಲಿ, ಬೇರಿಂಗ್ ಮತ್ತು ಫ್ಯಾನ್ ತಿರುಗಿಸುವುದರಲ್ಲಿ ಒಂದಿಷ್ಟು ಹೋಗುತ್ತದೆ. 15 ಕಿಲೋವ್ಯಾಟ್ ಮೋಟಾರಿನ ದಕ್ಷತೆ ಶೇ 91 ಎಂದಿಟ್ಟುಕೊಳ್ಳಿ. ಅದು ಪೂರ್ತಿ ಲೋಡ್‌ನಲ್ಲಿ ಲೈನಿನಿಂದ ಸುಮಾರು 16.5 ಕಿಲೋವ್ಯಾಟ್ ಎಳೆಯುತ್ತದೆ. ಹಾಗಾಗಿ ದಕ್ಷತೆಯಿಂದ ಭಾಗಿಸಬೇಕು, ಗುಣಿಸಬಾರದು. ಪವರ್ ಫ್ಯಾಕ್ಟರ್‌ನಿಂದಲೂ ಹಾಗೆಯೇ ಭಾಗಿಸಬೇಕು.

```
I = kW × 1000 / (1.732 × V × η × pf)
```

ಇಲ್ಲಿ η ದಕ್ಷತೆ, pf ಪವರ್ ಫ್ಯಾಕ್ಟರ್. V ಎಂದರೆ ಎರಡು ಫೇಸ್‌ಗಳ ನಡುವಿನ ವೋಲ್ಟೇಜ್, ಅಂದರೆ 415. ಫೇಸ್‌ಗೂ ನ್ಯೂಟ್ರಲ್‌ಗೂ ನಡುವಿನ 240 ಅಲ್ಲ. ಶೇ 91 ಅನ್ನು 0.91 ಎಂದು ಬರೆಯಿರಿ. ಹಳೆಯ ಪ್ಲೇಟ್ ಮೇಲೆ ಎಚ್‌ಪಿ ಮಾತ್ರ ಇದ್ದರೆ 0.746ರಿಂದ ಗುಣಿಸಿ: 20 ಎಚ್‌ಪಿ ಎಂದರೆ 14.9 ಕಿಲೋವ್ಯಾಟ್.

ಪವರ್ ಫ್ಯಾಕ್ಟರ್ 0.85 ಎಂದು ಹಿಡಿದು ಲೆಕ್ಕ ಮಾಡೋಣ. 1.732 ಗುಣಿಸು 415, ಬರುವುದು 718.8. ಅದನ್ನು 0.91ರಿಂದ, ಮತ್ತೆ 0.85ರಿಂದ ಗುಣಿಸಿದರೆ 556. 15,000ವನ್ನು 556ರಿಂದ ಭಾಗಿಸಿ: 27 ಆಂಪ್. ಇದು ಒಂದೊಂದು ಲೈನ್ ವೈರಿನಲ್ಲಿ ಹರಿಯುವ ಕರೆಂಟ್. ದಕ್ಷತೆ, ಪವರ್ ಫ್ಯಾಕ್ಟರ್ ಎರಡನ್ನೂ ಬಿಟ್ಟಿದ್ದರೆ 21 ಆಂಪ್ ಬರುತ್ತಿತ್ತು, ಅದನ್ನು ನಂಬಿ ತಂದ ಕೇಬಲ್ ಸಣ್ಣದಾಗುತ್ತಿತ್ತು.

'ಕಿಲೋವ್ಯಾಟ್‌ಗೆ ಎರಡು ಆಂಪ್' ಎಂಬ ಬಾಯಿಲೆಕ್ಕ ಇಲ್ಲಿ ತುಸು ಜಾಸ್ತಿಯೇ ಹೇಳುತ್ತದೆ. ದೊಡ್ಡ ಮೋಟಾರಿಗೆ ಇನ್ನೂ ಜಾಸ್ತಿಯಾಗುತ್ತದೆ. ಒಂದೂವರೆ ಕಿಲೋವ್ಯಾಟ್‌ನಂಥ ಸಣ್ಣ ಮೋಟಾರಿಗೆ ಮಾತ್ರ ಸಾಲದು, ಏಕೆಂದರೆ ಅದರ ದಕ್ಷತೆಯೂ ಪವರ್ ಫ್ಯಾಕ್ಟರೂ ಕಡಿಮೆ.

ಇನ್ನು ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಮೇಲೆ ಈ 27 ಆಂಪ್ ಅನ್ನು ಹೇಗೆ ಇಡುವುದು? ಇಲ್ಲಿ ತಪ್ಪಿದರೆ ಮೋಟಾರ್ ಸುಡಬಹುದು. ಮೋಟಾರನ್ನು ನೇರವಾಗಿ ಲೈನಿಗೆ ಸೇರಿಸುವ ಡಿಒಎಲ್ ಸ್ಟಾರ್ಟರ್ ಆದರೆ 27ಕ್ಕೇ ಇಡಿ. 20 ಎಚ್‌ಪಿ ಮೋಟಾರಿಗೆ ಸಾಮಾನ್ಯವಾಗಿ ಇರುವುದು ಸ್ಟಾರ್-ಡೆಲ್ಟಾ: ವೈಂಡಿಂಗ್ ಅನ್ನು ಸ್ಟಾರ್‌ನಲ್ಲಿ ಜೋಡಿಸಿ ಶುರುಮಾಡಿ, ಆಮೇಲೆ ಡೆಲ್ಟಾಕ್ಕೆ ಬದಲಿಸುವ ಸ್ಟಾರ್ಟರ್. ಅಂಥ ಬಹುತೇಕ ರೆಡಿಮೇಡ್ ಸ್ಟಾರ್ಟರ್‌ಗಳಲ್ಲಿ ರಿಲೇ ಮೇನ್ ಕಾಂಟ್ಯಾಕ್ಟರ್‌ನ ಕೆಳಗೆ, ವೈಂಡಿಂಗ್‌ಗೆ ಹೋಗುವ ದಾರಿಯಲ್ಲಿರುತ್ತದೆ. ಡೆಲ್ಟಾದಲ್ಲಿ ಓಡುವಾಗ ಅಲ್ಲಿ ಹರಿಯುವುದು ಲೈನ್ ಕರೆಂಟ್‌ನ 1.732ರಲ್ಲಿ ಒಂದು ಪಾಲು, ಅಂದರೆ 15.6 ಆಂಪ್. ಹಾಗಿದ್ದೂ ಡಯಲ್ ಅನ್ನು 27ಕ್ಕೆ ತಿರುಗಿಸಿದರೆ, ಲೈನಿನಲ್ಲಿ 47 ಆಂಪ್ ದಾಟುವ ತನಕ ರಿಲೇ ಮಿಸುಕಾಡುವುದಿಲ್ಲ. ಅಷ್ಟರಲ್ಲಿ ವೈಂಡಿಂಗ್ ಹೋಗಿರುತ್ತದೆ.

ನಿಮ್ಮ ರಿಲೇ ಯಾವ ದಾರಿಯಲ್ಲಿದೆ ಎಂದು ತಿಳಿಯಲು ಕ್ಲ್ಯಾಂಪ್ ಮೀಟರ್ ಸಾಕು. ಮೋಟಾರ್ ಡೆಲ್ಟಾಕ್ಕೆ ಬಂದು ಲೋಡ್ ಹಿಡಿದ ಮೇಲೆ, ಮೊದಲು ಸ್ಟಾರ್ಟರ್‌ಗೆ ಬರುವ ಒಂದು ವೈರನ್ನು ಅಳೆಯಿರಿ, ಆಮೇಲೆ ರಿಲೇಯಿಂದ ಹೊರಬರುವ ಒಂದು ವೈರನ್ನು. ಎರಡೂ ಒಂದೇ ಬಂದರೆ ಪೂರ್ತಿ 27. ಎರಡನೆಯದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಂದರೆ 15.6. ಒಂದು ಸಲಕ್ಕೆ ಒಂದೇ ವೈರನ್ನು ಹಿಡಿಯಿರಿ. ಮೂರೂ ಲೈನ್ ವೈರ್‌ಗಳನ್ನು ಒಟ್ಟಿಗೆ ಹಿಡಿದರೆ ಮೀಟರ್ ಸೊನ್ನೆ ತೋರಿಸುತ್ತದೆ.

ಲೈನ್ ವೈರಿನ ಅಳತೆ 16 ಆಂಪ್ ಬಂದರೆ ಮೋಟಾರ್ ಶೇ 60 ಲೋಡ್‌ನಲ್ಲಿದೆ ಎಂದುಕೊಳ್ಳಬೇಡಿ. ಲೋಡ್ ಇಳಿದಂತೆ ಪವರ್ ಫ್ಯಾಕ್ಟರ್ ಕೂಡ ಇಳಿಯುತ್ತದೆ. ಅರ್ಧ ಲೋಡ್‌ನಲ್ಲಿ ಅದು 0.72, ದಕ್ಷತೆ 0.90 ಎಂದಿಟ್ಟರೆ 16 ಆಂಪ್ ಬಂದೇ ಬರುತ್ತದೆ. ಬೆಲ್ಟ್ ಕಳಚಿ ಬರಿದೇ ಓಡಿಸಿದರೂ ಒಂಬತ್ತು ಹತ್ತು ಆಂಪ್ ತೋರಿಸುವುದುಂಟು. ಈ ಸೂತ್ರ ಪೂರ್ತಿ ಲೋಡ್‌ಗೆ ಮಾತ್ರ.

ಲೈನಿನ ಕೊನೆಯಲ್ಲಿರುವ ಗಿರಣಿಗೆ ವೋಲ್ಟೇಜ್ 360ಕ್ಕೆ ಇಳಿದರೆ, ಅದೇ ಭತ್ತಕ್ಕೆ, ಅದೇ ಲೋಡ್‌ಗೆ ಲೆಕ್ಕ 31 ಆಂಪ್ ತೋರಿಸುತ್ತದೆ. ಆಗ ರಿಲೇ ಟ್ರಿಪ್ ಆದರೆ ಡಯಲ್ ಏರಿಸಬೇಡಿ. ಹಾಪರ್‌ನ ಗೇಟು ತುಸು ಮುಚ್ಚಿ, ಲೈನ್ ಕರೆಂಟ್ ಮತ್ತೆ 27ರ ಒಳಗೆ ಬರುವಷ್ಟು ಭತ್ತ ಮಾತ್ರ ಬಿಡಿ.