ಟ್ರೈಪಾಡ್ ಮೇಲೆ ಸ್ಟೆಬಿಲೈಸರ್: ಶೆಟ್ಟಿಹಳ್ಳಿಯ ಮುಸ್ಸಂಜೆಯ ಎರಡು ಸೆಕೆಂಡು

ಗೊರೂರು ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಪಾಳು ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತಿರುತ್ತದೆ. ಸೂರ್ಯ ಇಳಿದು ಹದಿನೈದು ಇಪ್ಪತ್ತು ನಿಮಿಷ ಕಳೆದ ಮೇಲೆ, ಆಕಾಶಕ್ಕೂ ನೀರಿಗೂ ಒಂದೇ ನೀಲಿ ಬಂದಾಗ, ದಡದಿಂದ 200 ಮಿ.ಮೀ. ಲೆನ್ಸಿನಲ್ಲಿ ಅದನ್ನು ತೆಗೆಯಲು ಐಎಸ್‌ಒ 100, ಎಫ್ 8 ಇಟ್ಟರೆ ಶಟರ್ ಎರಡು ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಟ್ರೈಪಾಡ್ ಗಟ್ಟಿಯಾಗಿದ್ದು, ಫೋಕಸ್ ಸರಿಯಿದ್ದು, ರಿಮೋಟಿನಲ್ಲೇ ಕ್ಲಿಕ್ ಮಾಡಿದರೂ ಕಮಾನುಗಳ ಅಂಚು ಮೆತ್ತಗೆ ಬಂದರೆ, ನಾನು ಮೊದಲು ನೋಡುವುದು ಕೈ ನಡುಕವನ್ನು ಸರಿದೂಗಿಸುವ ಸ್ಟೆಬಿಲೈಸರ್ ಆನ್ ಇದೆಯೇ ಎಂದು. ಕಾರಣ ತಿಳಿದರೆ ಎಲ್ಲಿ ಆಫ್ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದೂ ತಿಳಿಯುತ್ತದೆ.

ಲೆನ್ಸಿನೊಳಗಿನ ಸ್ಟೆಬಿಲೈಸರಿನಲ್ಲಿ ಒಂದು ಗಾಜಿನ ಗುಂಪು ಸಣ್ಣ ವಿದ್ಯುತ್ ಸುರುಳಿಗಳ ಬಲದಿಂದ ಪಕ್ಕಕ್ಕೂ ಮೇಲೆ ಕೆಳಗೂ ಸರಿಯುತ್ತದೆ. ಕ್ಯಾಮೆರಾ ಮೂತಿ ಮೇಲೆ ಕೆಳಗೆ ತೂಗುವುದನ್ನು, ಎಡಬಲಕ್ಕೆ ಹೊರಳುವುದನ್ನು ಇದು ಸರಿಪಡಿಸುತ್ತದೆ. ಸೆನ್ಸರ್ ಸ್ಟೆಬಿಲೈಸೇಷನ್ನಿನಲ್ಲಿ ಗಾಜು ಕದಲುವುದಿಲ್ಲ, ಸೆನ್ಸರೇ ಕದಲುತ್ತದೆ. ಹಾಗಾಗಿ ಲೆನ್ಸಿಗೆ ಸಾಧ್ಯವೇ ಇಲ್ಲದ ಒಂದು ಕೆಲಸ ಅದಕ್ಕೆ ಸಾಧ್ಯ: ಕ್ಯಾಮೆರಾ ತನ್ನ ನೇರದಲ್ಲೇ ಚಕ್ರದಂತೆ ತಿರುಗಿದರೆ ಸೆನ್ಸರ್ ಅದಕ್ಕೆ ಎದುರು ತಿರುಗಿ ಸರಿದೂಗಿಸುತ್ತದೆ.

ಸೆನ್ಸರಿಗೂ ಒಂದು ಮಿತಿ ಇದೆ. ಕ್ಯಾಮೆರಾ ಅರ್ಧ ಡಿಗ್ರಿ ಅಲುಗಿದರೆ 24 ಮಿ.ಮೀ. ಲೆನ್ಸಿನಲ್ಲಿ ಚಿತ್ರ ಸರಿಯುವುದು ಸುಮಾರು 0.2 ಮಿ.ಮೀ. ಮಾತ್ರ. 400 ಮಿ.ಮೀ. ಲೆನ್ಸಿನಲ್ಲಿ ಅದೇ ಅಲುಗಾಟ ಚಿತ್ರವನ್ನು ಸುಮಾರು 3.5 ಮಿ.ಮೀ. ಸರಿಸುತ್ತದೆ. ಅಷ್ಟು ದೂರ ಅಷ್ಟು ಬೇಗ ಓಡುವುದು ಸೆನ್ಸರಿಗೆ ಕಷ್ಟ. ಆದ್ದರಿಂದಲೇ ಉದ್ದ ಲೆನ್ಸುಗಳಲ್ಲಿ ಒಳಗಿನ ಸ್ಟೆಬಿಲೈಸರ್ ಇಂದಿಗೂ ಉಳಿದಿದೆ. ಬೇಲೂರಿನ ನವರಂಗದ ಮಬ್ಬಿನಲ್ಲಿ ಕಂಬಗಳನ್ನು 24 ಮಿ.ಮೀ.ನಲ್ಲಿ ಕೈಯಲ್ಲೇ ಹಿಡಿದು ಕಾಲು ಸೆಕೆಂಡಿಗೆ ತೆಗೆಯುವಾಗ ಸೆನ್ಸರ್ ಸ್ಟೆಬಿಲೈಸೇಷನ್ ತುಂಬ ನೆರವಾಗುತ್ತದೆ. ಅಲ್ಲಿ ಟ್ರೈಪಾಡ್ ಹಾಕಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಈ ಕೆಲಸಕ್ಕೆ ನಾನು ನೆಚ್ಚಿಕೊಳ್ಳುವುದು ಅದನ್ನೇ.

ಟ್ರೈಪಾಡ್ ವಿಷಯಕ್ಕೆ ಬಂದರೆ ಲೆನ್ಸ್, ಸೆನ್ಸರ್ ಎರಡರ ಕಷ್ಟವೂ ಒಂದೇ, ಏಕೆಂದರೆ ಎರಡಕ್ಕೂ ಸುದ್ದಿ ಬರುವುದು ಗೈರೋದಿಂದ. ಗೈರೋ ಚಿತ್ರವನ್ನು ನೋಡುವುದಿಲ್ಲ, ತಾನು ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆ ಎಂಬುದನ್ನಷ್ಟೇ ಅಳೆಯುತ್ತದೆ. ಆ ವೇಗವನ್ನು ಕ್ಷಣಕ್ಷಣಕ್ಕೂ ಕೂಡಿಸಿ, ಕ್ಯಾಮೆರಾ ಎಷ್ಟು ಕೋನ ಹೊರಳಿತು ಎಂದು ಲೆಕ್ಕ ಹಾಕುವುದು ಸ್ಟೆಬಿಲೈಸರಿನ ಕೆಲಸ. ಅಲುಗಾಟವೇ ಇಲ್ಲದಾಗಲೂ ಗೈರೋದ ಅಳತೆ ನಿಖರವಾಗಿ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಅದರಲ್ಲಿ ಸ್ವಲ್ಪ ಗದ್ದಲ, ಸ್ವಲ್ಪ ಓರೆ ಯಾವಾಗಲೂ ಇರುತ್ತದೆ. ಕೈಯಲ್ಲಿ ಹಿಡಿದಾಗ ನಿಜವಾದ ನಡುಕ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ್ದರಿಂದ ಈ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಗಟ್ಟಿ ಟ್ರೈಪಾಡ್ ಮೇಲೆ ಉಳಿಯುವುದು ಆ ತಪ್ಪೊಂದೇ. ಸ್ಟೆಬಿಲೈಸರ್ ಅದನ್ನೇ ಅಲುಗಾಟ ಎಂದು ನಂಬಿ, ಇಲ್ಲದ ಚಲನೆಯನ್ನು ಸರಿಪಡಿಸಲು ಹೊರಡುತ್ತದೆ.

ಎಷ್ಟು ಸಣ್ಣ ತಪ್ಪು ಸಾಕು ಎಂಬುದನ್ನು ಶೆಟ್ಟಿಹಳ್ಳಿಯ ಚಿತ್ರಕ್ಕೇ ಲೆಕ್ಕ ಹಾಕಬಹುದು. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ ಅಗಲ. 200 ಮಿ.ಮೀ. ಲೆನ್ಸಿನಲ್ಲಿ ಅದು ಸುಮಾರು 6 ಆರ್ಕ್‌ಸೆಕೆಂಡ್ ಕೋನಕ್ಕೆ ಸಮ, ಅಂದರೆ ಒಂದು ಡಿಗ್ರಿಯ ಆರುನೂರನೇ ಒಂದು ಪಾಲು. ಭೂಮಿ ತನ್ನ ಸುತ್ತ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ತಿರುಗುತ್ತದೆ. ದೋಷವೇ ಇಲ್ಲದ ಗೈರೋ ಇದ್ದರೂ ಅದು ಟ್ರೈಪಾಡಿನೊಂದಿಗೆ ಭೂಮಿಯೂ ತಿರುಗುವುದನ್ನು ಅಳೆದು, ಅದನ್ನೂ ಸರಿಪಡಿಸಲು ಹೋದರೆ, ಎರಡು ಸೆಕೆಂಡಿನಲ್ಲಿ ಚರ್ಚಿನ ಗೋಡೆ ಐದು ಪಿಕ್ಸೆಲ್‌ವರೆಗೆ ಎಳೆದುಕೊಂಡೀತು. ಇಂಥ ನಿಧಾನ ಚಲನೆಯನ್ನು ಕ್ಯಾಮೆರಾಗಳು ಸೋಸಿ ತೆಗೆಯುತ್ತವೆ, ಆದ್ದರಿಂದ ವಾಸ್ತವದಲ್ಲಿ ಪೂರ್ತಿ ಹಾಗಾಗುವುದಿಲ್ಲ. ಆದರೆ ಗೈರೋದ ಸ್ವಂತ ಗದ್ದಲ ಆ ಸೋಸುವಿಕೆಯಿಂದ ಪೂರ್ತಿ ಹೋಗುವುದಿಲ್ಲ. ಶಟರ್ ಹೆಚ್ಚು ಹೊತ್ತು ತೆರೆದಿದ್ದಷ್ಟೂ ತಪ್ಪು ಹೆಚ್ಚು ದೂರ ಅಲೆಯುತ್ತದೆ. 24 ಮಿ.ಮೀ. ಲೆನ್ಸಿನಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 50 ಆರ್ಕ್‌ಸೆಕೆಂಡ್. ಹಾಗಾಗಿ ಅಗಲ ಲೆನ್ಸಿನಲ್ಲಿ ಇದೇ ತಪ್ಪು ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ.

ಶೆಟ್ಟಿಹಳ್ಳಿಯಲ್ಲಿ ನಾನು ಅನುಸರಿಸುವ ಕ್ರಮ ಹೀಗಿದೆ. ಹಿನ್ನೀರಿನ ದಡದ ಮಣ್ಣು ಮೇಲೆ ಒಣಗಿದಂತೆ ಕಂಡರೂ ಕೆಳಗೆ ಮೆದುವಾಗಿರುತ್ತದೆ, ಆದ್ದರಿಂದ ಮೂರೂ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಇಟ್ಟು, ಮೇಲಿನಿಂದ ಒಮ್ಮೆ ಒತ್ತಿ ಕೂರಿಸುತ್ತೇನೆ. ನಡುಗಂಬ ಎತ್ತುವುದಿಲ್ಲ. ಲೆನ್ಸಿನ ಕಾಲರನ್ನು ಹೆಡ್ಡಿಗೆ ಬಿಗಿದು, ಚೌಕಟ್ಟು ಹೊಂದಿಸಿ, ಬಾಲ್ ಹೆಡ್ಡಿನ ತಿರುಪು ಪೂರ್ತಿ ಬಿಗಿ ಮಾಡುತ್ತೇನೆ. ಫೋಕಸ್ ಮುಗಿದ ಮೇಲೆ ಬೆರಳನ್ನು ಶಟರ್ ಗುಂಡಿಯಿಂದ ಪೂರ್ತಿ ತೆಗೆದು, ಸ್ಟೆಬಿಲೈಸರ್ ಸುಮ್ಮನಾಗಿ ನಡುವಿಗೆ ಬರಲು ಒಂದೆರಡು ಸೆಕೆಂಡು ಬಿಟ್ಟು, ಆಮೇಲೆ ಲೆನ್ಸಿನ ಸ್ವಿಚ್ಚನ್ನು ಆಫ್ ಮಾಡುತ್ತೇನೆ. ಅದು ಕೆಲಸದಲ್ಲಿರುವಾಗಲೇ ಕ್ಯಾಮೆರಾ ಆಫ್ ಮಾಡುವುದು, ಲೆನ್ಸ್ ಕಳಚುವುದು ಒಳ್ಳೆಯದಲ್ಲ. ಶಟರಿಗೆ ಎಲೆಕ್ಟ್ರಾನಿಕ್ ಮೊದಲ ಪರದೆ, ಜೊತೆಗೆ ಎರಡು ಸೆಕೆಂಡಿನ ಟೈಮರ್ ಅಥವಾ ರಿಮೋಟ್.

ಆ ಸ್ವಿಚ್ಚು ನಿಜಕ್ಕೂ ಎರಡನ್ನೂ ನಿಲ್ಲಿಸಿತೇ ಎಂಬುದನ್ನು ನೋಡಿಕೊಳ್ಳಬೇಕು. ಲೆನ್ಸಿಗೂ ಕ್ಯಾಮೆರಾಕ್ಕೂ ಸ್ಟೆಬಿಲೈಸರ್ ಇರುವ ಈಗಿನ ಬಹುತೇಕ ಜೋಡಿಗಳಲ್ಲಿ ಲೆನ್ಸಿನ ಸ್ವಿಚ್ಚೇ ಯಜಮಾನ, ಅದನ್ನು ಆಫ್ ಮಾಡಿದರೆ ಸೆನ್ಸರೂ ನಡುವಿನಲ್ಲಿ ನಿಲ್ಲುತ್ತದೆ. ಲೆನ್ಸಿನಲ್ಲಿ ಸ್ವಿಚ್ಚೇ ಇಲ್ಲದಿದ್ದರೆ, ಅಥವಾ ಅಡಾಪ್ಟರಿನಲ್ಲಿ ಹಳೆಯ ಮ್ಯಾನುಯಲ್ ಲೆನ್ಸ್ ಹಾಕಿದ್ದರೆ, ಮೆನುವಿಗೇ ಹೋಗಬೇಕು. ಖಚಿತಪಡಿಸಿಕೊಳ್ಳಲು ಪರದೆಯ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಗುಂಡಿಯನ್ನು ಅರ್ಧ ಒತ್ತಿ ನೋಡುತ್ತೇನೆ. ಒತ್ತಿದ ಕೂಡಲೇ ಚಿತ್ರ ಒಂದು ಎಗರು ಎಗರಿದರೆ, ಅಥವಾ ನೀರಿನ ಮೇಲಿನ ದೋಣಿಯಂತೆ ನಿಧಾನ ತೇಲಿದರೆ, ಏನೋ ಒಂದು ಇನ್ನೂ ಆನ್ ಇದೆ ಎಂದೇ ಅರ್ಥ.

ಚಿತ್ರ ಮೆತ್ತಗಾದಾಗ ತಪ್ಪು ಯಾರದೆಂದು ಮಸುಕಿನ ಆಕಾರವೇ ಹೇಳುತ್ತದೆ. ಒಂದೇ ಚೌಕಟ್ಟನ್ನು ಆನ್‌ನಲ್ಲಿ ನಾಲ್ಕೈದು, ಆಫ್‌ನಲ್ಲಿ ನಾಲ್ಕೈದು ತೆಗೆದು 100 ಪ್ರತಿಶತಕ್ಕೆ ಹಿಗ್ಗಿಸಿ ಪಕ್ಕಪಕ್ಕ ಇಟ್ಟರೆ ಸಾಕು. ಆನ್ ಇದ್ದವುಗಳಲ್ಲಿ ಮಾತ್ರ ಎಳೆತ ಇದ್ದು, ಅದರ ದಿಕ್ಕು ಒಂದು ಚಿತ್ರದಿಂದ ಇನ್ನೊಂದಕ್ಕೆ ಬೇರೆಯಾಗುತ್ತಿದ್ದರೆ ಅದು ಸ್ಟೆಬಿಲೈಸರಿನ ಅಲೆದಾಟ. ನಡುಭಾಗ ಚೂಪಾಗಿದ್ದು ನಾಲ್ಕೂ ಮೂಲೆಗಳು ಮಾತ್ರ ಕಮಾನಿನಂತೆ ಎಳೆದಿದ್ದರೆ ಸೆನ್ಸರ್ ತಿರುಗಿದೆ, ಲೆನ್ಸಿನ ಸ್ಟೆಬಿಲೈಸರ್ ಇಂಥ ಗುರುತನ್ನು ಬಿಡಲಾರದು. ಆನ್, ಆಫ್ ಎರಡರಲ್ಲೂ ಒಂದೇ ದಿಕ್ಕಿಗೆ ಎಳೆದಿದ್ದರೆ ಟ್ರೈಪಾಡಿನ ಕಾಲು ಮಣ್ಣಿಗೆ ಇಳಿಯುತ್ತಿದೆ ಅಥವಾ ಹೆಡ್ ಭಾರಕ್ಕೆ ಜಾರುತ್ತಿದೆ. ಎರಡರಲ್ಲೂ ಅಂಚು ಜೋಡಿಯಾಗಿ ಕಂಡರೆ ಗಾಳಿ. ಮಣ್ಣಿನ ತಪ್ಪಿಗೆ ಸ್ಟೆಬಿಲೈಸರನ್ನು ದೂರಿ, ದುಬಾರಿ ಲೆನ್ಸನ್ನು ಸರ್ವಿಸಿಗೆ ಕೊಡುವವರೂ ಇದ್ದಾರೆ. ಹತ್ತು ನಿಮಿಷದ ಈ ಪರೀಕ್ಷೆಯಿಂದ ಅದು ತಪ್ಪುತ್ತದೆ.

ಚಿತ್ರ ಚೂಪಾಗಿಯೇ ಬಂದರೂ ಆನ್ ಇರಬಾರದ ಸಂದರ್ಭ ಇನ್ನೊಂದಿದೆ. ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನು ಕೂಡಿಸಲು, ಹತ್ತಿರದಿಂದ ದೂರಕ್ಕೆ ಫೋಕಸ್ ಸರಿಸಿ ಜೋಡಿಸಲು, ಟೈಮ್‌ಲ್ಯಾಪ್ಸ್ ಮಾಡಲು ಪ್ರತಿ ಚಿತ್ರದ ಚೌಕಟ್ಟೂ ಒಂದೇ ಕಡೆ ಇರಬೇಕು. ಸ್ಟೆಬಿಲೈಸರ್ ಪ್ರತಿ ಕ್ಲಿಕ್ಕಿಗೂ ಬೇರೆ ಜಾಗದಿಂದ ಹೊರಟರೆ ಚೌಕಟ್ಟು ಕೆಲವು ಪಿಕ್ಸೆಲ್ ಅತ್ತಿತ್ತ ಆಗುತ್ತದೆ, ಟೈಮ್‌ಲ್ಯಾಪ್ಸಿನಲ್ಲಿ ಬೆಟ್ಟವೇ ನಡುಗಿದಂತೆ ಕಾಣುತ್ತದೆ.

ಟ್ರೈಪಾಡ್ ಕಂಡ ಕೂಡಲೇ ಆಫ್ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ, 1930 ಮೀಟರ್ ಎತ್ತರದ ಬಯಲು ಗಾಳಿಯಲ್ಲಿ, 400 ಮಿ.ಮೀ. ಲೆನ್ಸಿನ ಹುಡ್ಡಿಗೆ ಗಾಳಿ ಬಡಿದು ಟ್ರೈಪಾಡೇ ಸೆಕೆಂಡಿಗೆ ಹಲವು ಬಾರಿ ಕಂಪಿಸುತ್ತದೆ. ಇದು ಕೈ ನಡುಕದಂಥದ್ದೇ ನಿಜವಾದ ಚಲನೆ, ಸ್ಟೆಬಿಲೈಸರನ್ನು ಮಾಡಿರುವುದೇ ಇದಕ್ಕೆ. ಶಟರ್ 1/60ರಿಂದ 1/250ರೊಳಗೆ ಇದ್ದರೆ ಆನ್ ಇಡುತ್ತೇನೆ. ಅಷ್ಟು ಸಣ್ಣ ಹೊತ್ತಿನಲ್ಲಿ ಗೈರೋದ ತಪ್ಪಿಗೆ ಅಲೆಯಲು ಸಮಯವಿಲ್ಲ. ಅದೇ ಗಾಳಿಯಲ್ಲಿ ಎರಡು ಸೆಕೆಂಡು ಬೇಕೆಂದರೆ ಆನ್, ಆಫ್ ಎರಡೂ ಕೈ ಕೊಡುತ್ತವೆ. ಹುಡ್ ತೆಗೆದು, ಟ್ರೈಪಾಡನ್ನು ತಗ್ಗಿಸಿ, ಮೈಯನ್ನೇ ಗಾಳಿಗೆ ಅಡ್ಡ ಕೊಡುವುದು ಬಿಟ್ಟು ದಾರಿಯಿಲ್ಲ. ಹಕ್ಕಿಗಾಗಿ ಗಿಂಬಲ್ ಹೆಡ್ ಸಡಿಲ ಬಿಟ್ಟು ಕೈ ಹಿಡಿದಿದ್ದರೂ ಆನ್, ಮೋನೊಪಾಡ್ ಮೇಲೂ ಆನ್. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ರಿವರ್ ಟರ್ನ್‌ಗಳನ್ನು ದೋಣಿಯಿಂದ ತೆಗೆಯುವಾಗ ಏನನ್ನು ಊರಿದರೂ ಅದು ಕೈಯಲ್ಲಿ ಹಿಡಿದಂತೆಯೇ ಲೆಕ್ಕ.

ಈಗಿನ ಅನೇಕ ಲೆನ್ಸುಗಳು ಟ್ರೈಪಾಡನ್ನು ತಾವೇ ಗುರುತಿಸುತ್ತವೆ. ಬಿಡಿಯಾಗಿ ಹಾಕುವ ಲೆನ್ಸುಗಳಲ್ಲಿ ಸ್ಟೆಬಿಲೈಸರ್ ಮೊದಲು ಬಂದದ್ದು 1995ರ ಕ್ಯಾನನ್ 75-300 ಮಿ.ಮೀ. ಲೆನ್ಸಿನಲ್ಲಿ, ಅದಕ್ಕೆ ಈ ಶಕ್ತಿ ಇರಲಿಲ್ಲ. ಕಂಪನ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹೊಸವು ಗಾಜನ್ನು ನಡುವಿನಲ್ಲಿ ಹಿಡಿದು ಸುಮ್ಮನಾಗುತ್ತವೆ. ಎಕ್ಸ್‌ಪೋಷರಿನ ನಡುವೆ ಒಂದು ಗಾಳಿಯ ಅಲೆ ಬಂದು ಕಂಪನ ಆ ಗೆರೆ ದಾಟಿದರೆ ಅವು ಮತ್ತೆ ಎದ್ದು ಕೂರುತ್ತವೆ. ಹೆಡ್ ಬಿಗಿದು, 1/30ಕ್ಕಿಂತ ನಿಧಾನದ ಶಟರ್ ಇಟ್ಟಾಗ ಗುರುತಿಸುವ ಕೆಲಸವನ್ನು ಅವುಗಳಿಗೆ ಬಿಡದೆ ನಾನೇ ಆಫ್ ಮಾಡುವುದು ಇದರಿಂದಲೇ.

ಹಳೆಯ ಚಿತ್ರವೊಂದರಲ್ಲಿ ಸ್ಟೆಬಿಲೈಸರ್ ಆನ್ ಇತ್ತೇ ಎಂದು ತಿಳಿಯಲು ಕಡತದೊಳಗೇ ಗುರುತಿರುತ್ತದೆ. ಕಂಪ್ಯೂಟರಿನಲ್ಲಿ ಎಕ್ಸಿಫ್‌ಟೂಲ್ ಇದ್ದರೆ, ನಿಮ್ಮ ಕಡತದ ಹೆಸರು ಹಾಕಿ ಹೀಗೆ ಕೇಳಬಹುದು:

```
exiftool -ImageStabilization -VibrationReduction -ExposureTime DSC_1234.NEF
```

ಕ್ಯಾನನ್, ಸೋನಿ ಕಡತಗಳಲ್ಲಿ ಉತ್ತರ ಮೊದಲ ಹೆಸರಿನಲ್ಲಿ, ನಿಕಾನ್ ಕಡತಗಳಲ್ಲಿ ಎರಡನೆಯದರಲ್ಲಿ ಸಿಗುತ್ತದೆ. ಮಸುಕಾದ ಚಿತ್ರದಲ್ಲಿ ಆನ್ ಎಂದೂ ಶಟರ್ ಒಂದು ಸೆಕೆಂಡಿಗಿಂತ ಹೆಚ್ಚೆಂದೂ ಬಂದರೆ ಮೊದಲ ಅನುಮಾನ ಸ್ಟೆಬಿಲೈಸರಿನ ಮೇಲೆ. ಆಫ್ ಎಂದು ಬಂದು ಶಟರ್ 1/15 ಇದ್ದರೆ, ಟ್ರೈಪಾಡಿನಿಂದ ಬಿಚ್ಚಿ ಕೈಗೆತ್ತಿಕೊಂಡ ಮೇಲೆ ಸ್ವಿಚ್ಚನ್ನು ಮತ್ತೆ ಆನ್ ಮಾಡಲು ಮರೆತಿರುವ ಸಾಧ್ಯತೆಯೇ ಹೆಚ್ಚು.