ಜ್ಯಾಕಿನ ಮೇಲಿನ ಬಣ್ಣದ ಪಟ್ಟಿಯನ್ನು ನಾನು ಓದಿದ ಬಗೆ

ಮನೆಯ ಆರು ಕೋಣೆಗಳಿಂದ ಒಂದೇ ಕಪಾಟಿಗೆ ನೆಟ್‌ವರ್ಕ್‌ನ ಕ್ಯಾಟ್ 6 ಕೇಬಲ್‌ಗಳನ್ನು ಎಳೆದು, ಕೋಣೆಗಳಲ್ಲಿ ಪ್ಲಗ್ ಸಿಕ್ಕಿಸುವ ಕೀಸ್ಟೋನ್ ಜ್ಯಾಕ್‌ಗಳನ್ನೂ ಕಪಾಟಿನಲ್ಲಿ ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನಲ್ ಅನ್ನೂ ನಾನೇ ಜೋಡಿಸಿದೆ. ತಂತಿಗಳನ್ನು ಸೀಳುಗಳಲ್ಲಿ ಒತ್ತಿ ಕೂರಿಸುವ ಪಂಚ್‌ಡೌನ್ ಟೂಲ್ ಬಳಸುವುದು ಬೇಗ ಕೈಗೆ ಹತ್ತಿತು; ನನ್ನ ಸಮಯವನ್ನೆಲ್ಲ ತೆಗೆದುಕೊಂಡದ್ದು ಯಾವ ತಂತಿ ಯಾವ ಸೀಳಿಗೆ ಎಂದು ತೋರಿಸುವ ಬಣ್ಣದ ಪಟ್ಟಿ.

ಆ ಪಟ್ಟಿಯಲ್ಲಿ ಎ ಮತ್ತು ಬಿ ಎಂಬ ಎರಡು ಸಾಲುಗಳಿರುತ್ತವೆ. ಅವು ಟಿ568ಎ ಮತ್ತು ಟಿ568ಬಿ ಎಂಬ ಜೋಡಣೆಯ ಕ್ರಮಗಳು. ಕೇಬಲ್‌ನ ಎಂಟು ತಂತಿಗಳು ಎರಡೆರಡಾಗಿ ಹೊಸೆದ ನಾಲ್ಕು ಜೋಡಿಗಳಾಗಿರುತ್ತವೆ; ನೀಲಿ ಮತ್ತು ಕಂದು ಜೋಡಿಗಳ ಸ್ಥಾನ ಎರಡು ಕ್ರಮಗಳಲ್ಲೂ ಒಂದೇ. ಕಿತ್ತಳೆ ಮತ್ತು ಹಸಿರು ಜೋಡಿಗಳು ಮಾತ್ರ ಪರಸ್ಪರ ಸ್ಥಳ ಬದಲಿಸಿಕೊಳ್ಳುತ್ತವೆ. ಆದ್ದರಿಂದ ಈಗ ನಾನು ಮೊದಲು ನೋಡುವುದು ಈ ಎರಡು ಬಣ್ಣಗಳನ್ನೇ. ಅರ್ಧ ಬಿಳಿ, ಅರ್ಧ ಬಣ್ಣ ಇರುವ ಚೌಕವು ಬಿಳಿಯ ಮೇಲೆ ಆ ಬಣ್ಣದ ಗೆರೆಯಿರುವ ತಂತಿಯನ್ನು ಸೂಚಿಸುತ್ತದೆ.

ಜ್ಯಾಕಿನ ಸೀಳುಗಳು ಒಂದರಿಂದ ಎಂಟರವರೆಗೆ ಪಿನ್‌ಗಳ ಕ್ರಮದಲ್ಲಿರುತ್ತವೆ ಎಂದು ಭಾವಿಸಬಾರದು. ಜೋಡಿಯ ತಂತಿಗಳು ಅಕ್ಕಪಕ್ಕದಲ್ಲೇ ಉಳಿಯಲೆಂದು ತಯಾರಕರು ಸೀಳುಗಳನ್ನು ತಮ್ಮದೇ ಕ್ರಮದಲ್ಲಿ ಇಟ್ಟು, ಪಿನ್‌ಗಳಿಗೆ ಒಳಗಿನಿಂದ ಸಂಪರ್ಕ ಕೊಟ್ಟಿರುತ್ತಾರೆ. ಹಾಗಾಗಿ ಪ್ಲಗ್‌ಗೆ ಹಾಕುವ ಬಣ್ಣದ ಸಾಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಒಂದು ತಯಾರಿಕೆಯ ಜ್ಯಾಕಿನ ಕ್ರಮವನ್ನು ಇನ್ನೊಂದಕ್ಕೆ ಹೊಂದಿಸಲೂ ಆಗದು.

ನನ್ನ ಮೂರನೆಯ ಕೇಬಲ್‌ನಲ್ಲಿ ತಪ್ಪಾಯಿತು. ಜ್ಯಾಕಿನಲ್ಲಿ ಬಿ ಸಾಲು ಕೆಳಗಿತ್ತು. ಪ್ಯಾನಲ್‌ನಲ್ಲಿ ಅದು ಮೇಲಿತ್ತು. ನಾನು ಅಕ್ಷರವನ್ನು ನೋಡದೆ ಅಭ್ಯಾಸಬಲದಿಂದ ಪ್ಯಾನಲ್‌ನಲ್ಲೂ ಕೆಳಗಿನ ಸಾಲನ್ನೇ ಅನುಸರಿಸಿದೆ. ಕೇಬಲ್ ಪರೀಕ್ಷಿಸುವ ಟೆಸ್ಟರ್ ಹಚ್ಚಿದಾಗ, ಈ ತುದಿಯಲ್ಲಿ ದೀಪಗಳು ಒಂದರಿಂದ ಎಂಟರವರೆಗೆ ಸಾಲಾಗಿ ಉರಿದರೆ, ಆ ತುದಿಯಲ್ಲಿ 3, 6, 1, 4, 5, 2, 7, 8 ಎಂದು ಉರಿದವು. ಒಂದು ತುದಿ ಎ, ಇನ್ನೊಂದು ಬಿ ಆದಾಗ ಬರುವ ಗುರುತು ಇದೇ. ಇಂದಿನ ಬಹುತೇಕ ಉಪಕರಣಗಳು ಈ ಅದಲುಬದಲನ್ನು ತಾವೇ ಸರಿಪಡಿಸಿಕೊಳ್ಳುವುದರಿಂದ, ಟೆಸ್ಟರ್ ಇಲ್ಲದಿದ್ದರೆ ಈ ತಪ್ಪು ನನ್ನ ಗಮನಕ್ಕೇ ಬರುತ್ತಿರಲಿಲ್ಲ. ಆದರೂ ನಾನು ಅದನ್ನು ಹಾಗೆಯೇ ಬಿಡಲಿಲ್ಲ: ಪ್ಯಾನಲ್‌ನ ತುದಿಯನ್ನು ಕತ್ತರಿಸಿ ಹೊಸದಾಗಿ ಕೂರಿಸಿದೆ. ಪ್ಯಾನಲ್ ಹಿಂದೆ ಒಂದಿಷ್ಟು ಕೇಬಲ್ ಹೆಚ್ಚಿಗೆ ಬಿಟ್ಟಿದ್ದರಿಂದ ಅದು ಸಾಧ್ಯವಾಯಿತು.

ಆಮೇಲಿನ ಕೇಬಲ್‌ಗಳಲ್ಲಿ ನಾನು ಒಂದು ಜೋಡಿಯನ್ನು ಬಿಚ್ಚಿ, ಕೂರಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದೆ. ನಾಲ್ಕನ್ನೂ ಒಮ್ಮೆಗೇ ಬಿಚ್ಚಿದರೆ ಗೆರೆ ಮಸುಕಾಗಿರುವ ಬಿಳಿ ತಂತಿಗಳಲ್ಲಿ ಕಿತ್ತಳೆಯದು ಯಾವುದು, ಕಂದಿನದು ಯಾವುದು ಎಂದು ತಿಳಿಯುವುದು ಕಷ್ಟ. ಹೊಸೆತವನ್ನು ಸೀಳಿನ ಸಮೀಪದವರೆಗೂ ಉಳಿಸಿ, ಬಿಚ್ಚಿದ ಭಾಗ 13 ಮಿಲಿಮೀಟರ್ ಮೀರದಂತೆ ನೋಡಿಕೊಂಡೆ. ಟೂಲ್‌ನ ಕತ್ತರಿಸುವ ಅಂಚು ಜ್ಯಾಕಿನ ಹೊರಬದಿಗಿರಬೇಕು. ತಿರುಗಿ ಹಿಡಿದರೆ ಒಳಗೆ ಹೋಗುವ ತಂತಿಯೇ ತುಂಡಾಗುತ್ತದೆ.